ಮಾರ್ಚ್ 31ರ ರಾತ್ರಿ ಕಳೆದುಹೋಗುವ ಇಎಲ್

ಏಪ್ರಿಲ್ ಮೊದಲ ವಾರ ಬಂತೆಂದರೆ ಎಚ್‌ಆರ್ ವಿಭಾಗದ ಮುಂದೆ ಒಂದೇ ದೂರು: "ಸರ್, ನನ್ನ ಇಎಲ್ ಎರಡು ದಿನ ಕಡಿಮೆ ತೋರಿಸ್ತಿದೆ." ಪಕ್ಕದ ಮೇಜಿನವರದು ಮಾತ್ರ ಸರಿಯಾಗಿಯೇ ಇರುತ್ತದೆ. ಹಾಗಾಗಿ ದೂರು ತಂದವರೇ ಲೆಕ್ಕ ತಪ್ಪಿರಬೇಕು ಎಂದುಕೊಂಡು ಕಳಿಸಿಬಿಡುತ್ತಾರೆ.

ಏಪ್ರಿಲ್‌ನಿಂದ ಮಾರ್ಚ್‌ವರೆಗೆ ರಜೆ ವರ್ಷ ಇಟ್ಟುಕೊಂಡಿರುವ ಒಂದು ಕಂಪನಿಯನ್ನು ಉದಾಹರಣೆಗೆ ನೋಡೋಣ. ಉಳಿದ ಇಎಲ್‌ನಲ್ಲಿ ಹೆಚ್ಚೆಂದರೆ 30 ದಿನ ಮುಂದಿನ ವರ್ಷಕ್ಕೆ ಹೋಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮಿನಲ್ಲಿದ್ದ ಮಿತಿಯೂ ಅಷ್ಟೇ. ಮಿಕ್ಕಿದ್ದು ಲ್ಯಾಪ್ಸ್. ಏಪ್ರಿಲ್ 1ಕ್ಕೆ ಹೊಸದಾಗಿ 15 ದಿನ ಜಮೆ.

ಒಬ್ಬ ನೌಕರನ ಖಾತೆಯಲ್ಲಿ 33 ದಿನ ಇದೆ. ಆತ ಮಾರ್ಚ್ 30ರಿಂದ ಏಪ್ರಿಲ್ 2ರವರೆಗೆ ನಾಲ್ಕು ದಿನ ರಜೆ ಕೇಳಿದ್ದಾನೆ. ಮೇಲಧಿಕಾರಿ ಮಂಜೂರು ಮಾಡಿದ್ದು ಏಪ್ರಿಲ್ 6ಕ್ಕೆ. ಅಷ್ಟರಲ್ಲಿ ಸಾಫ್ಟ್‌ವೇರ್ ತನ್ನ ಕೆಲಸ ಮುಗಿಸಿಯಾಗಿದೆ: 33ರಲ್ಲಿ 3 ಲ್ಯಾಪ್ಸ್ ಮಾಡಿ, 30ಕ್ಕೆ 15 ಕೂಡಿಸಿ 45 ಎಂದು ಬರೆದಿದೆ. ಮಂಜೂರಾದ ದಿನವನ್ನೇ ಹಿಡಿದು ನಾಲ್ಕನ್ನೂ ಹೊಸ ವರ್ಷದಿಂದ ಕಳೆದರೆ ಉಳಿಯುವುದು 41.

ನ್ಯಾಯವಾಗಿ ಆಗಬೇಕಾದದ್ದು ಬೇರೆ. ಮಾರ್ಚ್‌ನ ಎರಡು ದಿನ ಮೊದಲು ಕಳೆದರೆ 31. ಲ್ಯಾಪ್ಸ್ ಆಗುವುದು ಒಂದೇ ದಿನ. 30ಕ್ಕೆ 15 ಕೂಡಿಸಿ ಏಪ್ರಿಲ್‌ನ ಎರಡು ದಿನ ಕಳೆದರೆ 43. ಹೇಗೂ ಲ್ಯಾಪ್ಸ್ ಆಗುತ್ತಿದ್ದ ದಿನಗಳಲ್ಲೇ ತೀರಬೇಕಿದ್ದ ರಜೆ ಹೊಸ ಗಳಿಕೆಯನ್ನು ತಿಂದುಹಾಕಿತು.

ಪಕ್ಕದ ಮೇಜಿನಾಕೆಯ ಬಾಕಿ 20 ಎಂದುಕೊಳ್ಳಿ. ಅವೇ ನಾಲ್ಕು ದಿನ ರಜೆ ಹಾಕಿದರೂ ಎರಡೂ ದಾರಿಯಲ್ಲಿ 31 ಬರುತ್ತದೆ. ಮಿತಿ ದಾಟಿದವರಿಗೆ ಮಾತ್ರ ಪೆಟ್ಟು. ಕಡಿಮೆ ಬಾಕಿಯ ಖಾತೆಗಳನ್ನಷ್ಟೇ ಪರೀಕ್ಷಿಸಿದರೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕೆ ತದ್ವಿರುದ್ಧ ದೋಷವೂ ಉಂಟು. ಕೆಲವು ಸಾಫ್ಟ್‌ವೇರ್‌ಗಳು ಮಾರ್ಚ್ ರಜೆಯನ್ನು ಹಳೆಯ ವರ್ಷಕ್ಕೇ ಹಾಕುತ್ತವೆ, ಆದರೆ ಮುಂದೆ ಸಾಗಿಸಿದ ಸಂಖ್ಯೆಯನ್ನು ತಿದ್ದುವುದಿಲ್ಲ. ಆಗ 20 ಇದ್ದಾಕೆಗೆ 31ರ ಬದಲು 33. ಕೆಲಸ ಬಿಡುವಾಗ ಅಂತಿಮ ಲೆಕ್ಕದಲ್ಲಿ ಇದು ಸಿಕ್ಕಿಬಿದ್ದು ಹಣ ಹಿಡಿದರೆ, ತಪ್ಪೇ ಮಾಡದವರು ಉತ್ತರ ಕೊಡಬೇಕಾಗುತ್ತದೆ. ಇದು ಖಂಡಿತ ಅನ್ಯಾಯ.

ERPNextನಂಥ ತಂತ್ರಾಂಶದಲ್ಲಿ ಎರಡು ವರ್ಷಕ್ಕೆ ಹಾಯುವ ಅರ್ಜಿಗೆ `Application period cannot be across two allocation records` ಎಂಬ ತಡೆ ಬರುವುದುಂಟು. ಮಾರ್ಚ್‌ಗೊಂದು, ಏಪ್ರಿಲ್‌ಗೊಂದು ಅರ್ಜಿ ಹಾಕಿದರಾಯಿತು. ಆದರೂ ಮಾರ್ಚ್‌ನ ಅರ್ಜಿ ತಡವಾಗಿ ಮಂಜೂರಾದರೆ ಮತ್ತೆ ಅದೇ ಕಥೆ. ಬಾಕಿ ಅರ್ಜಿಗಳೆಲ್ಲ ಇತ್ಯರ್ಥವಾದ ಮೇಲೆ ವರ್ಷ ಮುಚ್ಚುವುದು, ಹಿಂದಿನ ತಾರೀಖಿನ ರಜೆ ಬಂದರೆ ಆ ಒಬ್ಬರ ಲೆಕ್ಕವನ್ನು ಮೊದಲಿಂದ ಮಾಡುವುದು, ಇವೆರಡನ್ನೂ ಎಚ್‌ಆರ್ ಮಾಡಲೇಬೇಕು.

ನೌಕರರೂ ಮಾರ್ಚ್ 31ರ ಸಂಜೆ ರಜೆ ಖಾತೆಯ ಪುಟವನ್ನು ಉಳಿಸಿಟ್ಟುಕೊಳ್ಳಲಿ. ಏಪ್ರಿಲ್‌ನಲ್ಲಿ ಬರೀ ಬಾಕಿ ನೋಡದೆ, ಲ್ಯಾಪ್ಸ್ ಎಷ್ಟಾಯಿತು, ಮಾರ್ಚ್ ರಜೆ ಯಾವ ವರ್ಷಕ್ಕೆ ಬಿತ್ತು ಎಂಬುದನ್ನು ಕೇಳಿ ತಿಳಿದುಕೊಳ್ಳಲಿ.