‘ಫೈನ್’ ಅಂದರೆ ಸಿಟ್ಟೇ?

ನಾನು ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಗಿನ ಮಾತು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ 20ನೇ ತಾರೀಖು ಕೊನೇ ದಿನ. 18ರ ಸಂಜೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಸ ಹುಡುಗ ಬರೆದ: ‘ಮೇಡಂ, ಬಟ್ಟೆ ಅಂಗಡಿಯವರ ಎರಡು ಬಿಲ್ ಇನ್ನೂ ಬಂದಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದೆ. ನಾಳೆ ಮಧ್ಯಾಹ್ನದೊಳಗೆ ತರಿಸಿಕೊಂಡು ಮುಗಿಸ್ತೀನಿ, ಪರವಾಗಿಲ್ವಾ?’ ಇಪ್ಪತ್ತು ನಿಮಿಷ ಬಿಟ್ಟು ಉತ್ತರ ಬಂತು: ‘ಫೈನ್.’

ಹುಡುಗನ ಮುಖ ಇಳಿದುಹೋಯಿತು. ಇಷ್ಟುದ್ದ ಬರೆದದ್ದಕ್ಕೆ ಒಂದೇ ಪದ, ಅದರ ಮುಂದೊಂದು ಚುಕ್ಕಿ. ರಾತ್ರಿ ಒಂಬತ್ತೂವರೆ ತನಕ ಕೂತು, ಬಿಲ್ ಇಲ್ಲದೆಯೇ ಲೆಕ್ಕ ಮುಗಿಸಿ, ತಪ್ಪಾಯಿತೆಂದು ಬರೆದು ಕಳಿಸಿದ. ಮಾರನೇ ದಿನ ಬಿಲ್ ಬಂದವು, ಕೆಲಸ ಮತ್ತೆ ಮೊದಲಿಂದ. ‘ಆಯ್ತು ಅಂತ ಹೇಳಿದ್ನಲ್ಲಪ್ಪ!’ ಎಂದರು ಮೇಡಂ. ಆ ಹೊತ್ತಿನಲ್ಲಿ ಅವರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಒಂದೇ ಕೈಯಲ್ಲಿ ಒತ್ತಿದ್ದರು. ಚುಕ್ಕಿಯನ್ನು ಅವರು ಹಾಕಿರಲೂ ಇಲ್ಲ. ಎಷ್ಟೋ ಫೋನುಗಳಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ಪೂರ್ಣವಿರಾಮ ತಾನಾಗಿಯೇ ಬೀಳುತ್ತದೆ.

ಮೇಡಂ ಬಾಯಲ್ಲಿ ಹೇಳಿದ ಮಾತಿನ ಕೊನೆಯ ಆ ‘ಪ್ಪ’ವನ್ನು ಗಮನಿಸಿ. ಕನ್ನಡದಲ್ಲಿ ಒಪ್ಪಿಗೆಯ ಪದಕ್ಕೆ ತನ್ನದೇ ಬಿಸಿಯಾಗಲಿ ತಂಪಾಗಲಿ ಇರುವುದು ಕಡಿಮೆ. ಅದೆಲ್ಲ ಇರುವುದು ಬಾಲದಲ್ಲಿ. ಆಯ್ತಪ್ಪ, ಆಯ್ತಮ್ಮ, ಆಯ್ತು ಸಾರ್, ಸರಿ ಕಣ್ರೀ. ಬಾಲವಿಲ್ಲದಿದ್ದರೆ ಎಳೆತದಲ್ಲಾದರೂ ಇರುತ್ತದೆ: ‘ಆಯ್ತೂ...’ ಎಂದು ರಾಗ ಎಳೆದರೆ ಅರೆಮನಸ್ಸು, ‘ಆಯ್ತಾಯ್ತು’ ಎಂದರೆ ಅವಸರ. ಅದೇ ಒಪ್ಪಿಗೆಯನ್ನು ಫೋನಿನಲ್ಲಿ ‘ಓಕೆ’, ‘ಫೈನ್’ ಎಂದು ಒತ್ತುವಾಗ ಬಾಲವೂ ಹೋಯಿತು, ರಾಗವೂ ಹೋಯಿತು. ಕಳಿಸಿದವರ ಕಿವಿಯಲ್ಲಿ ಮಾತ್ರ ಅವು ಇನ್ನೂ ಕೇಳಿಸುತ್ತಿರುತ್ತವೆ, ಎಡವಟ್ಟಾಗುವುದು ಅಲ್ಲೇ.

ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. ವ್ಯಂಗ್ಯದ ಮತ್ತು ಮನಸಾರೆ ಹೇಳಿದ ವಾಕ್ಯಗಳನ್ನು ಇಮೇಲಿನಲ್ಲಿ ಕಳಿಸಿದವರು, ನೂರಕ್ಕೆ 78 ಸಲ ಓದುಗರು ಸರಿಯಾಗಿ ಹಿಡಿಯುತ್ತಾರೆ ಎಂದುಕೊಂಡಿದ್ದರು. ಹಿಡಿದದ್ದು 56 ಸಲ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಸರಿಯಾಗುತ್ತಿತ್ತು. ಅಂಥವೇ ವಾಕ್ಯಗಳನ್ನು ದನಿಯಲ್ಲಿ ಕೇಳಿಸಿದಾಗ 73ಕ್ಕೆ ಏರಿತು. ಚುಕ್ಕಿಯ ಬಗ್ಗೆಯೂ ಒಂದು ಅಧ್ಯಯನವಿದೆ. ನ್ಯೂಯಾರ್ಕ್ ರಾಜ್ಯದ ಬಿಂಗ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸೆಲಿಯಾ ಕ್ಲಿನ್ ಅವರ ತಂಡ 126 ವಿದ್ಯಾರ್ಥಿಗಳಿಗೆ ಒಂದೇ ಪದದ ಮೆಸೇಜುಗಳನ್ನು ತೋರಿಸಿದಾಗ, ಕೊನೆಯಲ್ಲಿ ಚುಕ್ಕಿಯಿದ್ದವು ಮನಸ್ಸಿಲ್ಲದೆ ಹೇಳಿದಂತೆ ಕಂಡವು. ಅವೇ ಉತ್ತರಗಳು ಕೈಬರಹದ ಚೀಟಿಯಲ್ಲಿದ್ದಾಗ ಹಾಗೆ ಕಾಣಲಿಲ್ಲ.

ಹಾಗೆಂದು ಪ್ರತಿ ‘ಓಕೆ’ಗೂ ಹೂವಿನ ಚಿತ್ರ ಅಂಟಿಸಬೇಕಿಲ್ಲ. ‘ಮೀಟಿಂಗ್ 4 ಗಂಟೆಗೆ’ ಎಂಬುದಕ್ಕೆ ‘ಓಕೆ’ ಸಾಕು, ಯಾರಿಗೂ ನೋಯುವುದಿಲ್ಲ. ಕೇಳಿದವರು ಕಷ್ಟ ಹೇಳಿಕೊಂಡಾಗ, ಅನುಮತಿ ಬೇಡಿದಾಗ, ನಾಲ್ಕು ಸಾಲು ಬರೆದಾಗ ಬರುವ ಒಂದೇ ಪದ ಚುಚ್ಚುತ್ತದೆ. ಅಲ್ಲಿ ಅವರು ಕೇಳಿದ್ದನ್ನೇ ಉತ್ತರದಲ್ಲಿ ತಿರುಗಿ ಹೇಳಿದರೆ ಆಯಿತು: ‘ಆಯ್ತಪ್ಪ, ನಾಳೆ ಮಧ್ಯಾಹ್ನ ಕಳಿಸು.’ ನಗುಮುಖದ ಇಮೋಜಿಗಿಂತ ಇದು ಮೇಲು ಎನ್ನುತ್ತೇನೆ. ನಿಮ್ಮ ಮಾತು ಓದಿದೆ, ಒಪ್ಪಿದೆ, ಗಡುವು ಇದು ಎಂದು ಮೂರೂ ಅದರಲ್ಲೇ ಬಂತು. ಕೈಯಲ್ಲಿ ಬಿಡುವಿಲ್ಲದಿದ್ದರೆ ‘ಬಸ್ಸಲ್ಲಿದ್ದೀನಿ, ಆಯ್ತು’ ಎಂದರೂ ಸಾಕು.

ಓದುವವರು ಮಾಡಬಹುದಾದದ್ದೂ ಇದೆ. ಆ ಗುಂಪಿನಲ್ಲೇ ಸ್ವಲ್ಪ ಮೇಲಕ್ಕೆ ಸರಿಸಿ, ಅವರ ಹಳೆಯ ಉತ್ತರಗಳನ್ನು ನೋಡಿ. ನಮ್ಮ ಮೇಡಂ ರಜೆಗೂ ‘ಫೈನ್’, ಹುಟ್ಟುಹಬ್ಬದ ಕೇಕಿಗೂ ‘ಫೈನ್’ ಎಂದವರೇ. ಹುಡುಗನಿಗೆ ಅದನ್ನು ಆಮೇಲೆ ತೋರಿಸಿದೆ. ದಿನವೂ ‘ಥ್ಯಾಂಕ್ಸ್ ಕಣೋ, ಆಯ್ತು’ ಎನ್ನುವವರು ಇದ್ದಕ್ಕಿದ್ದಂತೆ ‘ಓಕೆ’ಗೆ ಇಳಿದರೆ ಆಗ ಏನೋ ಇರಬಹುದು. ಆಗಲೂ ‘ಬೇಜಾರಾಯ್ತಾ ಮೇಡಂ?’ ಎಂದು ಎಲ್ಲರೆದುರು ಗುಂಪಿನಲ್ಲಿ ಕೇಳಬೇಡಿ, ಅವರು ಮುಜುಗರಕ್ಕೆ ಇನ್ನೊಂದು ‘ಫೈನ್’ ಹೇಳಿಯಾರು. ಕೆಲಸದ ಬಗ್ಗೆಯೇ ಕೇಳಿ: ‘ಹಾಗಾದ್ರೆ ನಾಳೆ ಮಧ್ಯಾಹ್ನಕ್ಕೆ ಕಳಿಸಲಾ ಮೇಡಂ, ಇಲ್ಲಾ ಇವತ್ತೇ ಬೇಕಾ?’ ಇದಕ್ಕೆ ಬರುವ ಉತ್ತರದಲ್ಲಿ ಊಹೆಗೆ ಜಾಗವಿರುವುದಿಲ್ಲ. ಅವರಿಗೆ ನಿಜಕ್ಕೂ ಸಿಟ್ಟು ಬಂದಿದ್ದರೆ ಮೆಸೇಜಿನಲ್ಲಿ ಎಷ್ಟು ಬರೆದರೂ ಬಗೆಹರಿಯುವುದಿಲ್ಲ. ಒಂದು ಫೋನ್ ಮಾಡಿ, ಅವರು ‘ಹಲೋ’ ಅನ್ನುವ ದನಿಯಲ್ಲೇ ತಿಳಿಯುತ್ತದೆ.