ಚಕ್ಕುಲಿ ಘಟಕದ ಲೆಕ್ಕಕ್ಕೆ ಎಷ್ಟು ಅಂಕ?

ಬಿಬಿಎ ವಿದ್ಯಾರ್ಥಿಯ ಬಿಸಿನೆಸ್ ಪ್ಲಾನ್ ವರದಿಯಲ್ಲಿ ಅನುಭವಿ ಪರೀಕ್ಷಕರು ಮೊದಲು ಹುಡುಕುವುದು ಬಣ್ಣದ ಚಿತ್ರಗಳನ್ನಲ್ಲ, ಒಂದು ಅಧ್ಯಾಯದ ಅಂಕಿ ಇನ್ನೊಂದರ ಜೊತೆ ತಾಳೆಯಾಗುತ್ತದೆಯೇ ಎಂಬುದನ್ನು.

ಚಕ್ಕುಲಿ ಘಟಕದ ವರದಿ ಎಂದುಕೊಳ್ಳಿ. ಪೊಟ್ಟಣದ ಬೆಲೆ 60 ರೂಪಾಯಿ. ಹಿಟ್ಟು, ಎಣ್ಣೆ, ಪ್ಯಾಕಿಂಗ್ ಸೇರಿ ಖರ್ಚು 42, ಉಳಿಯುವುದು 18. ಬಾಡಿಗೆ, ಸಂಬಳದಂಥ ಸ್ಥಿರ ವೆಚ್ಚ ತಿಂಗಳಿಗೆ 36,000. ಅಂದರೆ 2,000 ಪೊಟ್ಟಣ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲೆಕ್ಕ ಸರಿ, ಅದಕ್ಕೆ ಅಂಕ ಸಿಗುತ್ತದೆ. ಆದರೆ ಉತ್ಪಾದನೆಯ ಅಧ್ಯಾಯದಲ್ಲಿ ದಿನಕ್ಕೆ 60 ಪೊಟ್ಟಣ, ತಿಂಗಳಿಗೆ 25 ದಿನ ಕೆಲಸ ಎಂದಿದೆ. 1,500 ಮಾಡುವವರು 2,000 ಮಾರುವುದು ಹೇಗೆ? ಕಾರ್ಯಸಾಧ್ಯತೆಯ ಅಂಕ ಹೋಗುವುದು ಇಲ್ಲೇ. ಸಹಪಾಠಿಗಳನ್ನಷ್ಟೇ ಕೇಳಿ ‘ಊರಿನ ಬೇಡಿಕೆ’ ಎಂದು ಬರೆದ ಸಮೀಕ್ಷೆಯದ್ದೂ ಇದೇ ಗತಿ.

ಹಾಗೆಂದು ಒಂದೇ ತಪ್ಪಿಗೆ ಎರಡು ಸಲ ಅಂಕ ಕಳೆಯುವುದು ನ್ಯಾಯವಲ್ಲ. ವೆಚ್ಚ ಕೂಡುವಾಗ ಎಡವಿದ್ದರೂ ಮುಂದಿನ ವಿಧಾನ ಸರಿಯಿದ್ದರೆ ಅದರ ಅಂಕ ಕೊಡಬೇಕು.

ವರದಿ ಸ್ವಂತದ್ದೋ ಎರವಲೋ ಎಂಬುದು ಮೌಖಿಕ ಪರೀಕ್ಷೆಯಲ್ಲಿ ಬಯಲಾಗುತ್ತದೆ. ಎಣ್ಣೆ ದುಬಾರಿಯಾಗಿ ಖರ್ಚು 45ಕ್ಕೆ ಏರಿದರೆ ಎಷ್ಟು ಮಾರಬೇಕು ಎಂದು ಕೇಳಿದಾಗ, ತಾನೇ ಬರೆದ ಹುಡುಗಿ 2,400 ಎಂದು ಲೆಕ್ಕ ಹಾಕಿ ಹೇಳುತ್ತಾಳೆ. ನಕಲು ಮಾಡಿದವನು ಪುಟ ತಿರುವುತ್ತಾನೆ.