ಕ್ಯಾಟರ್‌ಬಿಲ್ಲಿನ ಬಲವೂ ಗುರಿಯೂ

ಗೋರ್ವಾದ ಗುಜರಾತಿ ಹುಡುಗರು ‘ಗಿಲೋಲ್’ ಎಂದು ಕರೆಯುವ ಆಟಿಕೆಯನ್ನು ನಮ್ಮ ಕಡೆಯ ಹುಡುಗರು ಕ್ಯಾಟರ್‌ಬಿಲ್ಲು ಎನ್ನುತ್ತಾರೆ. ಒಂದು ಕವೆಗೋಲು, ಎರಡು ರಬ್ಬರ್ ಪಟ್ಟಿ, ನಡುವೆ ಒಂದು ಚರ್ಮದ ತುಂಡು. ಇಷ್ಟೇ ಅದರ ಸಾಮಗ್ರಿ. ಆದರೂ ಒಬ್ಬನ ಬಿಲ್ಲಿನಿಂದ ಹೊರಟ ಕಲ್ಲು ಡಬ್ಬಿಯನ್ನು ಉರುಳಿಸುತ್ತದೆ, ಮತ್ತೊಬ್ಬನದು ದಾರಿಯಲ್ಲಿಯೇ ನೆಲ ಮುಟ್ಟುತ್ತದೆ. ಕೈ ಕೊಟ್ಟ ಶಕ್ತಿ ಎಲ್ಲಿಗೆ ಹೋಯಿತು? ಈ ಲೆಕ್ಕವನ್ನು ನೋಡೋಣ.

ಮೊದಲು ರಬ್ಬರು. ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನ ಅಳತೆಗೆ ಮರಳುವ ಗುಣಕ್ಕೆ ಸ್ಥಿತಿಸ್ಥಾಪಕತೆ ಎಂದು ಹೆಸರು. ಸ್ಪ್ರಿಂಗ್ ತಕ್ಕಡಿಯೊಂದನ್ನು ಚರ್ಮಕ್ಕೆ ಕೊಂಡಿ ಹಾಕಿ ಎಳೆದರೆ ಎಳೆತದ ಬಲವನ್ನು ಓದಬಹುದು. 40 ಸೆಂಟಿಮೀಟರು ಎಳೆದಾಗ ಮುಳ್ಳು 6 ಕಿಲೋಗ್ರಾಮ್ ತೋರಿಸಿತೆಂದು ಇಟ್ಟುಕೊಳ್ಳೋಣ. ಅದು ಸುಮಾರು 60 ನ್ಯೂಟನ್ ಬಲ. ಬಲವು ಸೊನ್ನೆಯಿಂದ ಏರುತ್ತ ಬಂದುದರಿಂದ ಸರಾಸರಿ 30 ನ್ಯೂಟನ್. ಅದನ್ನು 0.4 ಮೀಟರಿನಿಂದ ಗುಣಿಸಿದರೆ ರಬ್ಬರಿನಲ್ಲಿ ಕೂಡಿಟ್ಟ ಶಕ್ತಿ 12 ಜೂಲ್.

ಈ 12 ಜೂಲ್ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ರಬ್ಬರಿನ ಒಳಗಣ ತಿಕ್ಕಾಟದಲ್ಲಿ ಒಂದು ಭಾಗ ಶಾಖವಾಗಿ ಕಳೆದುಹೋಗುತ್ತದೆ. ಅಗಲವಾದ ಪಟ್ಟಿಯನ್ನು ಥಟ್ಟನೆ ಎಳೆದು ತುಟಿಗೆ ತಾಗಿಸಿದರೆ ಬಿಸುಪು ತಿಳಿಯುತ್ತದೆ. ಹಾಗೆಯೇ ಹಿಡಿದು ಸ್ವಲ್ಪ ಹೊತ್ತಾದ ಮೇಲೆ ಸಡಿಲಿಸಿದರೆ ತಂಪು ತಿಳಿಯುತ್ತದೆ. ಎಳೆದು ಬಹಳ ಹೊತ್ತು ಗುರಿ ನೋಡುತ್ತ ನಿಂತರೆ ಆ ಬಿಸುಪು ಗಾಳಿಗೆ ಸೋರಿ, ಎಳೆತವೂ ಕುಗ್ಗುತ್ತದೆ. ಇಂದಿನ ಸೈಕಲ್ ಟ್ಯೂಬುಗಳು ಬಹುಮಟ್ಟಿಗೆ ಬ್ಯೂಟೈಲ್ ರಬ್ಬರಿನವು. ಅದು ಗಾಳಿಯನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಮರಳುವಾಗ ಸೋಮಾರಿ. ಮರದ ಹಾಲಿನಿಂದಾದ ಸಹಜ ರಬ್ಬರು ಹೆಚ್ಚು ಚುರುಕು.

ನಮ್ಮ ಉದಾಹರಣೆಯಲ್ಲಿ 3 ಜೂಲ್ ಹೀಗೆ ನಷ್ಟವಾಗಿ 9 ಉಳಿಯಿತೆನ್ನೋಣ. ಅದನ್ನೂ ಕಲ್ಲು ಒಬ್ಬಂಟಿಯಾಗಿ ಪಡೆಯುವುದಿಲ್ಲ. ಪಟ್ಟಿಯೂ ಚರ್ಮವೂ ಕಲ್ಲಿನೊಡನೆ ಓಡಬೇಕು. ಅವು 6 ಗ್ರಾಮ್ ತೂಕದಷ್ಟು ಪಾಲು ಕೇಳುತ್ತವೆಂದು ಇಟ್ಟುಕೊಳ್ಳಿ. 5 ಗ್ರಾಮಿನ ಗಾಜಿನ ಗೋಲಿಯನ್ನಿಟ್ಟರೆ ಅದು ಸೆಕೆಂಡಿಗೆ ಸುಮಾರು 40 ಮೀಟರು ವೇಗದಲ್ಲಿ ಹೊರಡುತ್ತದೆ, ಆದರೆ ಅದಕ್ಕೆ ದೊರೆತ ಶಕ್ತಿ ಸುಮಾರು 4 ಜೂಲ್ ಮಾತ್ರ. 20 ಗ್ರಾಮಿನ ಬೆಣಚುಕಲ್ಲು ಸೆಕೆಂಡಿಗೆ 26 ಮೀಟರು ವೇಗದಲ್ಲಿ ಹೊರಟರೂ ಸುಮಾರು 7 ಜೂಲ್ ಒಯ್ಯುತ್ತದೆ. ಭಾರವಾದ ಕಲ್ಲು ನಿಧಾನಿ, ಆದರೆ ಪೆಟ್ಟು ಜೋರು. ಕಲ್ಲಿಲ್ಲದೆ ಎಳೆದು ಬಿಟ್ಟರೆ ಆ 9 ಜೂಲ್ ಒಯ್ಯಲು ಯಾರೂ ಇಲ್ಲ. ಅದೆಲ್ಲ ಪಟ್ಟಿಯ ಮೇಲೆಯೇ ಬಡಿದು ರಬ್ಬರು ಬೇಗ ಹರಿಯುತ್ತದೆ.

ಗುರಿಯ ಮಾತು ಬೇರೆ. 10 ಮೀಟರು ದೂರ ಹೋಗುವಷ್ಟರಲ್ಲಿ ಗೋಲಿಯು ಸುಮಾರು 30 ಸೆಂಟಿಮೀಟರು ಕೆಳಗಿಳಿಯುತ್ತದೆ, ಬೆಣಚುಕಲ್ಲು 70. ಅಂದರೆ ಕಲ್ಲಿನ ತೂಕ ಬದಲಾದರೆ ಗುರಿ ಹಿಡಿಯುವ ಎತ್ತರವೂ ಬದಲಾಗಬೇಕು. ದಾರಿಯಲ್ಲಿ ಸಿಕ್ಕ ಸಿಕ್ಕ ಕಲ್ಲನ್ನು ಇಡುವವನಿಗೆ ಕೈ ಪಳಗುವುದೇ ಇಲ್ಲ. ಒಂದೇ ತೂಕದ ಗುಂಡುಗಳಿದ್ದರೆ ಸಾಧನೆ ಸುಲಭ. ಮೂಲೆ ಮೂಲೆಯಾದ ಕಲ್ಲನ್ನು ಗಾಳಿಯು ಒಂದೊಂದು ಸಲ ಒಂದೊಂದು ಕಡೆಗೆ ತಳ್ಳುವುದರಿಂದ ಗುಂಡಗಿನದೇ ಮೇಲು.

ಇನ್ನು ಕವೆ. ಸೀಬೆ ಅಥವಾ ಜಾಲಿಯ ಕವಲು ಕೊಂಬೆ ಗಟ್ಟಿ. ಅದರ ಎರಡು ತೋಳುಗಳು ಒಂದೇ ಎತ್ತರಕ್ಕಿರಬೇಕು, ಪಟ್ಟಿಗಳು ಉದ್ದದಲ್ಲಿಯೂ ಅಗಲದಲ್ಲಿಯೂ ಸಮವಿರಬೇಕು. ಒಂದು ಪಟ್ಟಿ ಬಲವಾಗಿದ್ದರೆ ಕಲ್ಲು ಆ ಕಡೆಗೆ ವಾಲುತ್ತದೆ. ಒಂದು ಡಿಗ್ರಿ ವಾಲಿದರೆ 10 ಮೀಟರಿನಲ್ಲಿ 17 ಸೆಂಟಿಮೀಟರು ತಪ್ಪು. ಕಲ್ಲು ಸದಾ ಒಂದೇ ಕಡೆಗೆ ಹೋಗುತ್ತಿದ್ದರೆ ಮೊದಲು ಪಟ್ಟಿಗಳನ್ನು ಅಳೆಯಿರಿ. ಎಲ್ಲ ಕಡೆಗೂ ಚೆದರುತ್ತಿದ್ದರೆ ಗುಂಡುಗಳನ್ನು ತೂಗಿ ನೋಡಿ. ತೋಳುಗಳು ಮುಷ್ಟಿಯಿಂದ ಬಹಳ ಮೇಲಿದ್ದರೆ ಆ 6 ಕಿಲೋಗ್ರಾಮ್ ಎಳೆತ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿ ಕೈ ನಡುಗಿಸುತ್ತದೆ. ಆದ್ದರಿಂದ ಗಿಡ್ಡ ಕವೆಯೇ ಲೇಸು.

ಬಿಸಿಲಿನಲ್ಲಿ ಬಿದ್ದ ರಬ್ಬರು ಬಿರಿಯುತ್ತದೆ. ಪ್ರತಿ ಬಾರಿಯೂ ಪಟ್ಟಿಯನ್ನು ಸ್ವಲ್ಪ ಹಿಗ್ಗಿಸಿ, ಗಂಟಿನ ಬಳಿಯ ಅಂಚನ್ನು ನೋಡಬೇಕು. ಕೂದಲೆಳೆಯಂತಹ ಬಿರುಕು ಕಂಡರೂ ಆ ಪಟ್ಟಿಯನ್ನು ಬಿಸುಡಬೇಕು. ಕವೆಯ ಕಡೆಯಲ್ಲಿ ಅದು ಹರಿದರೆ, ಹರಿದ ತುದಿ ಬರುವುದು ಎಳೆಯುವವನ ಕಣ್ಣಿಗೇ. ಎದುರಿಗೆ ನಿಂತವನ ಕಣ್ಣನ್ನು ಕಳೆಯಲು ಗೋಲಿಯ 4 ಜೂಲ್ ಸಾಕು. ಹಕ್ಕಿಗಳ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಗುರಿಗೆ ಒಂದು ತಗಡಿನ ಡಬ್ಬಿ, ಅದರ ಹಿಂದೆ ಇಳಿಬಿಟ್ಟ ಎರಡು ಮಡಿಕೆಯ ಗೋಣಿಚೀಲ. ತಪ್ಪಿದ ಗೋಲಿಯನ್ನು ಗೋಣಿ ತಡೆಯುತ್ತದೆ, ಅದೇ ಗೋಲಿ ಮರುದಿನಕ್ಕೂ ಸಿಗುತ್ತದೆ.